ಗ್ರೂಪ್‌ಗೆ ಕಪ್ಪಿನ ಲೆಕ್ಕ, ಗ್ರೈಂಡರ್‌ಗೆ ದಿನದ ಲೆಕ್ಕ

ಎಸ್ಪ್ರೆಸೊದಲ್ಲಿ ಒಂದು ಬಗೆಯ ಕೆಟ್ಟ ರುಚಿ ಇದೆ. ಅದನ್ನು ಹೆಚ್ಚಿನವರು ಕಹಿ ಎಂದು ಸುಮ್ಮನಾಗುತ್ತಾರೆ, ಆದರೆ ಅದು ಕಹಿಯಲ್ಲ. ಕಡು ಹುರಿದ ಬೀಜದ ಕಹಿ ನಾಲಿಗೆಯ ಮೇಲೆ ಬಂದು ಹೋಗುತ್ತದೆ. ಇದು ಕಪ್ ಖಾಲಿಯಾದ ಎಷ್ಟೋ ಹೊತ್ತಿನ ಮೇಲೂ ಗಂಟಲ ಹಿಂದೆ ಉಳಿಯುವ ಕಮಟು, ತಿಂಗಳುಗಟ್ಟಲೆ ಒರೆಸದ ಎಣ್ಣೆ ಬಾಟಲಿಯ ಮುಚ್ಚಳದಂಥ ವಾಸನೆ. ಹಾಲು, ಸಕ್ಕರೆ ಹಾಕಿದರೆ ಅರ್ಧ ಮುಚ್ಚಿಹೋಗುತ್ತದೆ. ಹಾಗಾಗಿಯೇ ಕೆಫೆಗಳಲ್ಲಿ ಕ್ಯಾಪುಚಿನೊ ಕುಡಿಯುವವರು ದೂರುವುದಿಲ್ಲ, ಬರೀ ಎಸ್ಪ್ರೆಸೊ ಕೇಳುವ ನಾಲ್ಕು ಮಂದಿ ಮಾತ್ರ ಮುಖ ಸಿಂಡರಿಸುತ್ತಾರೆ. ಆಗ ಮೊದಲು ಬೈಸಿಕೊಳ್ಳುವುದು ಬೀಜ. ಪ್ಯಾಕೆಟ್ ಬದಲಾಗುತ್ತದೆ, ಆಮೇಲೆ ರೋಸ್ಟರ್ ಬದಲಾಗುತ್ತಾರೆ, ಆಮೇಲೆ ಗ್ರೈಂಡ್ ಸೆಟ್ಟಿಂಗ್. ಕಮಟು ಮಾತ್ರ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ಹೊಸ ಬೀಜದ್ದಲ್ಲ. ಹಿಂದಿನ ಬೀಜಗಳು ಗ್ರೈಂಡರ್‌ನ ಒಳಗೂ ಮೆಷಿನ್‌ನಲ್ಲಿ ಪುಡಿಯ ಮೇಲೆ ಬಿಸಿನೀರು ಬಿಡುವ ಗ್ರೂಪ್ ಹೆಡ್‌ನ ಒಳಗೂ ಬಿಟ್ಟುಹೋದ ಎಣ್ಣೆಯದ್ದು.

ಇಷ್ಟು ಗೊತ್ತಾದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು? ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ, ವಾರಕ್ಕೊಮ್ಮೆ. ಈ ಉತ್ತರ ಕೆಫೆಗೂ ತಪ್ಪು, ಮನೆಗೂ ತಪ್ಪು. ದಿನಕ್ಕೆ ನೂರಾರು ಶಾಟ್, ಅಂದರೆ ಒಂದೊಂದು ಕಪ್ ಎಸ್ಪ್ರೆಸೊ, ತೆಗೆಯುವ ಕೆಫೆಯ ಗ್ರೂಪ್ ಹೆಡ್‌ಗೆ ವಾರವೆಂದರೆ ತೀರಾ ತಡ. ದಿನಕ್ಕೆ ಮೂರು ಶಾಟ್‌ನ ಮನೆಯ ಮೆಷಿನ್‌ಗೆ ವಾರವಾರವೂ ಡಿಟರ್ಜೆಂಟ್ ಹಾಕುವುದು ಅನಗತ್ಯ, ಕೆಲವು ಮೆಷಿನ್‌ಗಳಲ್ಲಿ ಹಾನಿಯೂ ಹೌದು. ಗ್ರೈಂಡರ್ ವಿಚಾರಕ್ಕೆ ಬಂದರೆ ಲೆಕ್ಕ ಮತ್ತೆ ತಿರುಗುತ್ತದೆ: ಕಡಿಮೆ ಬಳಸುವ ಗ್ರೈಂಡರ್‌ನಲ್ಲೇ ಹಳಸಲು ಬೇಗ ಗೊತ್ತಾಗುತ್ತದೆ.

ಎಣ್ಣೆ ಹೋಗುವ ದಾರಿ

ಅರೇಬಿಕಾ ಬೀಜದಲ್ಲಿ ಸುಮಾರು 15ರಿಂದ 17 ಶೇಕಡಾ ಕೊಬ್ಬಿನಂಶ ಇರುತ್ತದೆ, ರೊಬಸ್ಟಾದಲ್ಲಿ 10ರ ಆಸುಪಾಸು. ತಿಳಿಯಾಗಿ ಹುರಿದಾಗ ಅದು ಬೀಜದ ಒಳಗೇ ಉಳಿದಿರುತ್ತದೆ. ಹುರಿತ ಕಡುವಾದಂತೆ ಬೀಜದ ಗೋಡೆಗಳು ಒಡೆದು ಎಣ್ಣೆ ಮೇಲ್ಮೈಗೆ ಬರುತ್ತದೆ, ಬೀಜ ಮಿರಿಮಿರಿ ಮಿಂಚುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಕಾಣುವ ಆ ಮಿಂಚು ಗ್ರೈಂಡರ್‌ನ ಮೇಲೆ ಬೀಜ ತುಂಬುವ ಹಾಪರ್‌ನ ಗೋಡೆಗೆ, ಬೀಜ ಅರೆಯುವ ಬರ್‌ಗಳ ಹಲ್ಲಿಗೆ, ಪುಡಿ ಬೀಳುವ ನಳಿಗೆಗೆ ಹತ್ತಿಕೊಳ್ಳುತ್ತದೆ. ಆ ಜಿಡ್ಡಿಗೆ ನುಣುಪು ಪುಡಿ ಅಂಟುತ್ತದೆ, ಆ ಪುಡಿಗೆ ಮತ್ತೆ ಜಿಡ್ಡು. ಬಹುಪಾಲು ಟ್ರೈಗ್ಲಿಸರೈಡ್‌ಗಳಿಂದಾದ ಈ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲದ ಪಾಲು ದೊಡ್ಡದು. ಗಾಳಿಯ ಆಮ್ಲಜನಕ ತಗುಲಿದರೆ ಅದು ಒಡೆದು ಹೆಕ್ಸನಾಲ್‌ನಂಥ ವಾಸನೆಯ ವಸ್ತುಗಳಾಗುತ್ತದೆ. ಕಮಟು ಎಂದು ಮೂಗು ಹಿಡಿಯುವುದು ಅದನ್ನೇ. ಈ ಕ್ರಿಯೆಗೆ ಬೇಕಾದದ್ದು ಗಾಳಿ, ಬಿಸಿ ಮತ್ತು ಸಮಯ. ಗ್ರೈಂಡರ್‌ನಲ್ಲಿ ಗಾಳಿ ಮತ್ತು ಸಮಯ ಧಾರಾಳ. ಗ್ರೂಪ್ ಹೆಡ್‌ನಲ್ಲಿ ಸಮಯ ಕಡಿಮೆ, ಬಿಸಿ ಮಾತ್ರ ವಿಪರೀತ: ದಿನವಿಡೀ 90 ಡಿಗ್ರಿಯ ಆಸುಪಾಸಿನಲ್ಲಿರುವ ಲೋಹದ ಮೇಲೆ ಎಣ್ಣೆ ಒಣಗಿ, ಗಟ್ಟಿಯಾಗಿ, ಕಪ್ಪು ಅರಗಿನಂತೆ ಕೂರುತ್ತದೆ. ಅದನ್ನು ಬಟ್ಟೆಯಿಂದ ಉಜ್ಜಿ ತೆಗೆಯಲಾಗುವುದಿಲ್ಲ, ಕ್ಷಾರ ಬೇಕು.

ನೀರು ಮೇಲಿನಿಂದ ಕೆಳಕ್ಕೆ ಬರುವ ಗ್ರೂಪ್ ಹೆಡ್‌ಗೆ ಎಣ್ಣೆ ಹತ್ತುವುದಾದರೂ ಹೇಗೆ? ಉತ್ತರ ಮೂರು ದಾರಿಯ ವಾಲ್ವ್‌ನಲ್ಲಿದೆ. ಶಾಟ್ ನಡೆಯುವಾಗ ವಾಲ್ವ್ ನೀರನ್ನು ಗ್ರೂಪ್‌ಗೆ ಬಿಡುತ್ತದೆ. ಶಾಟ್ ನಿಲ್ಲಿಸಿದ ಕ್ಷಣ ಅದು ತಿರುಗಿ, ಪುಡಿ ತುಂಬಿ ಗ್ರೂಪ್‌ಗೆ ಸಿಕ್ಕಿಸುವ ಹಿಡಿಯುಳ್ಳ ಪೋರ್ಟಾಫಿಲ್ಟರ್ ಒಳಗೆ ಉಳಿದ ಒತ್ತಡಕ್ಕೆ ಡ್ರಿಪ್ ಟ್ರೇ ಕಡೆಗೆ ದಾರಿ ಕೊಡುತ್ತದೆ. ಆ ‘ಪುಸ್’ ಶಬ್ದ ಅದರದ್ದೇ. ಈ ವಾಲ್ವ್ ಇಲ್ಲದಿದ್ದರೆ ಪೋರ್ಟಾಫಿಲ್ಟರ್ ತಕ್ಷಣ ಬಿಚ್ಚಿದಾಗ ಬಿಸಿ ಪುಡಿ ಮುಖಕ್ಕೆ ಸಿಡಿಯುತ್ತದೆ. ಆದರೆ ಆ ಒತ್ತಡ ಹೊರಹೋಗುವಾಗ ಬರೀ ನೀರು ಹೋಗುವುದಿಲ್ಲ. ಪುಡಿಯ ಮೇಲಿದ್ದ ಕಾಫಿ ದ್ರವವನ್ನು, ನುಣುಪು ಕಣಗಳನ್ನು ಎಳೆದುಕೊಂಡು ನೀರು ಹರಡುವ ಜಾಲರಿಯಾದ ಶವರ್ ಸ್ಕ್ರೀನ್ ದಾಟಿ, ಗ್ರೂಪ್‌ನ ಒಳದಾರಿ ಹಿಡಿದು, ವಾಲ್ವ್ ಮೂಲಕ ಹೊರಬೀಳುತ್ತದೆ. ಅಂದರೆ ಪ್ರತಿ ಶಾಟ್‌ನ ಕೊನೆಗೂ ಒಂದಿಷ್ಟು ಕೊಳೆ ಹಿಮ್ಮುಖವಾಗಿ ಒಳಕ್ಕೆ ಹೋಗುತ್ತದೆ. ಬ್ಯಾಕ್‌ಫ್ಲಶ್ ಮಾಡುವುದೆಂದರೆ ಅದೇ ದಾರಿಯಲ್ಲಿ ಕಾಫಿಯ ಬದಲು ಡಿಟರ್ಜೆಂಟ್ ನೀರನ್ನು ಹಾಯಿಸುವುದು, ಅಷ್ಟೇ. ಹೀಗಾಗಿ ಗ್ರೂಪ್ ಕೊಳೆಯಾಗುವುದು ಶಾಟ್‌ಗಳ ಎಣಿಕೆಯ ಮೇಲೆ, ಕ್ಯಾಲೆಂಡರ್ ಮೇಲಲ್ಲ.

ಇದರಿಂದಲೇ ಇನ್ನೊಂದು ಮಾತೂ ಹೊರಡುತ್ತದೆ. ಮೂರು ದಾರಿಯ ವಾಲ್ವ್ ಇಲ್ಲದ ಮೆಷಿನ್‌ಗೆ ಬ್ಯಾಕ್‌ಫ್ಲಶ್ ಮಾಡಲೇಬಾರದು. ಅಗ್ಗದ ಬಹಳಷ್ಟು ಪುಟ್ಟ ಮೆಷಿನ್‌ಗಳಲ್ಲಿ, ಲಾ ಪವೋನಿ ಯೂರೋಪಿಕೊಲಾದಂಥ ಕೈ ಲಿವರ್ ಮೆಷಿನ್‌ಗಳಲ್ಲಿ ಈ ವಾಲ್ವ್ ಇರುವುದಿಲ್ಲ. ಅಲ್ಲಿ ಪುಡಿಯ ಬ್ಯಾಸ್ಕೆಟ್ ಬದಲು ತೂತಿಲ್ಲದ ಕುರುಡು ಬ್ಯಾಸ್ಕೆಟ್ ಹಾಕಿದರೆ ಒತ್ತಡಕ್ಕೆ ಹೊರದಾರಿ ಇಲ್ಲ, ಬಿಚ್ಚುವಾಗ ಸುಡುವ ಡಿಟರ್ಜೆಂಟ್ ನೀರು ಕೈಮೇಲೆ. ಪತ್ತೆ ಹಚ್ಚುವುದು ಸುಲಭ: ಶಾಟ್ ನಿಲ್ಲಿಸಿದಾಗ ಡ್ರಿಪ್ ಟ್ರೇಗೆ ಬೇರೆ ಕೊಳವೆಯಿಂದ ನೀರು ಚಿಮ್ಮುತ್ತದೆಯೇ ನೋಡಿ. ಚಿಮ್ಮದಿದ್ದರೆ, ತಯಾರಕರ ಕೈಪಿಡಿ ಒಪ್ಪಿದ ಹೊರತು ಬ್ಯಾಕ್‌ಫ್ಲಶ್ ಯೋಚನೆ ಬಿಡಿ. ಸ್ಕ್ರೀನ್ ಬಿಚ್ಚಿ ತೊಳೆಯುವುದೇ ಅಲ್ಲಿ ಉಳಿಯುವ ದಾರಿ.

3 ಗ್ರಾಂ ಪುಡಿಯ ಕೆಲಸ

ಮಾರುಕಟ್ಟೆಯಲ್ಲಿ ಸಿಗುವ ಕಾಫಿಜಾ, ಪುಲಿ ಕಾಫ್ ಮುಂತಾದ ಪುಡಿಗಳ ಮುಖ್ಯ ಸರಕು ಸೋಡಿಯಂ ಪರ್ಕಾರ್ಬೊನೇಟ್ ಮತ್ತು ಸೋಡಿಯಂ ಕಾರ್ಬೊನೇಟ್‌ನಂಥ ಕ್ಷಾರಗಳು. ಬಿಸಿನೀರಿನಲ್ಲಿ ಪರ್ಕಾರ್ಬೊನೇಟ್ ಕರಗಿ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ, ಅದು ಕಾಫಿ ಕಲೆಯನ್ನು ಒಡೆಯುತ್ತದೆ. ಕ್ಷಾರ ಎಣ್ಣೆಯನ್ನು ಸಾಬೂನಿನ ರೂಪಕ್ಕೆ ತಂದು ನೀರಿನಲ್ಲಿ ಕೊಚ್ಚಿಹೋಗುವಂತೆ ಮಾಡುತ್ತದೆ. ತಣ್ಣಗಿನ ಮೆಷಿನ್‌ನಲ್ಲಿ ಇದು ಅರೆಬರೆ ಕೆಲಸ ಮಾಡುತ್ತದೆ. ಮೆಷಿನ್ ಪೂರ್ತಿ ಕಾದಿರಬೇಕು.

58 ಮಿಲಿಮೀಟರ್‌ನ ಗ್ರೂಪ್‌ಗೆ ಒಂದು ಬಾರಿಗೆ 3 ಗ್ರಾಂ ಸಾಕು, ಅರ್ಧ ಟೀ ಚಮಚದಷ್ಟು. ತೂತಿಲ್ಲದ ಕುರುಡು ಬ್ಯಾಸ್ಕೆಟ್‌ಗೆ ಪುಡಿ ಹಾಕಿ, ಪೋರ್ಟಾಫಿಲ್ಟರ್ ಬಿಗಿದು ಪಂಪ್ ಒತ್ತಿ. ಒತ್ತಡ ಏರಿ ಪಂಪ್‌ನ ಶಬ್ದ ದಪ್ಪಗಾಗುತ್ತದೆ. 10 ಸೆಕೆಂಡ್ ಬಿಟ್ಟು ನಿಲ್ಲಿಸಿ, ‘ಪುಸ್’ ಎಂದ ಮೇಲೆ ಇನ್ನೊಂದು 5ರಿಂದ 10 ಸೆಕೆಂಡ್ ಕಾಯಿರಿ. ಹೀಗೆ 5 ಸಲ. ಹೆಚ್ಚಿನವರು ಆತುರಪಡುವುದು ಈ ಕಾಯುವ ಹೊತ್ತಿನಲ್ಲೇ. ಕೊಳೆ ತೆಗೆಯುವುದು ಪಂಪ್‌ನ ರಭಸವಲ್ಲ, ಒತ್ತಡ ಬಿಟ್ಟಾಗ ಹಿಮ್ಮುಖವಾಗಿ ನುಗ್ಗುವ ಡಿಟರ್ಜೆಂಟ್. ಅದಕ್ಕೆ ಒಳದಾರಿಯಲ್ಲಿ ನಾಲ್ಕು ಕ್ಷಣ ನಿಲ್ಲಲು ಬಿಟ್ಟರೆ ಮಾತ್ರ ಜಿಡ್ಡು ಸಡಿಲವಾಗುತ್ತದೆ. ಹೊರಕೊಳವೆಯ ಕೆಳಗೆ ಒಂದು ಬಿಳಿ ಕಪ್ ಇಟ್ಟು ನೋಡಿದರೆ ತಿಳಿಯುತ್ತದೆ: ಮೊದಲ ಸಲ ಕಂದು ನೊರೆ, ಐದನೆಯ ಸಲಕ್ಕೆ ತಿಳಿ ಚಹಾದ ಬಣ್ಣ. ಐದನೆಯದರಲ್ಲೂ ಗಾಢ ಕಂದೇ ಬಂದರೆ ಮತ್ತೆ 3 ಗ್ರಾಂ ಹಾಕಿ ಇನ್ನೊಂದು ಸುತ್ತು. ಒಂದೇ ಸಲಕ್ಕೆ 6 ಗ್ರಾಂ ಸುರಿಯುವುದು ಬೇಡ. ಹೆಚ್ಚಾದ ಪುಡಿ ಕರಗದೆ ಹರಳಾಗಿ ಹೋಗಿ ವಾಲ್ವ್‌ನ ಸಣ್ಣ ತೂತಿನಲ್ಲಿ ಸಿಕ್ಕಿಕೊಳ್ಳಬಹುದು.

ಆಮೇಲೆ ಬ್ಯಾಸ್ಕೆಟ್ ಬಿಚ್ಚಿ ತೊಳೆದು, ಗ್ರೂಪ್‌ನಿಂದ ಬರೀ ನೀರು 10 ಸೆಕೆಂಡ್ ಬಿಡಿ. ಪೋರ್ಟಾಫಿಲ್ಟರ್ ಅನ್ನು ಸಡಿಲವಾಗಿ ಸಿಕ್ಕಿಸಿ, ನೀರು ಬಿಟ್ಟುಕೊಂಡೇ ಎಡಕ್ಕೂ ಬಲಕ್ಕೂ ಆಡಿಸಿದರೆ ಗ್ಯಾಸ್ಕೆಟ್‌ನ ಅಂಚಿನಲ್ಲಿ ಕೂತ ಪುಡಿಯೂ ಕಳಚುತ್ತದೆ. ಬಿಸಿನೀರು ಸುತ್ತಲೂ ಚೆಲ್ಲುತ್ತದೆ, ಕೈ ಹಿಡಿಯ ತುದಿಯಲ್ಲಿರಲಿ. ನಂತರ ಪುಡಿಯಿಲ್ಲದೆ, ಬರೀ ನೀರಿನಲ್ಲಿ ಕುರುಡು ಬ್ಯಾಸ್ಕೆಟ್‌ನೊಂದಿಗೆ ಅದೇ ಕ್ರಮ, ಈ ಬಾರಿ ಕನಿಷ್ಠ 5 ಸಲ, ಹೊರಬರುವ ನೀರಿನಲ್ಲಿ ನೊರೆ ನಿಲ್ಲುವವರೆಗೆ. ಬೆರಳ ನಡುವೆ ಆ ನೀರು ಜಾರುತ್ತಿದ್ದರೆ ಕ್ಷಾರ ಇನ್ನೂ ಇದೆ ಎಂದೇ ಅರ್ಥ. ಕೊನೆಗೆ ಒಂದು ಶಾಟ್ ತೆಗೆದು ಚೆಲ್ಲಿ. ತೊಳೆದ ಗ್ರೂಪ್‌ನ ಮೊದಲ ಶಾಟ್ ‘ಲೋಹದ ರುಚಿ’ ಕೊಡುತ್ತದೆ, ಆದ್ದರಿಂದ ಸ್ವಲ್ಪ ಎಣ್ಣೆ ಇರಲಿ ಎಂದು ವಾದಿಸುವ ಬರಿಸ್ತಾಗಳಿದ್ದಾರೆ. ಮೊದಲ ಶಾಟ್ ಬೇರೆಯಾಗಿರುವುದನ್ನು ಒಪ್ಪಬಹುದು. ಅದಕ್ಕೆ ಮದ್ದು ಒಂದು ಶಾಟ್ ಚೆಲ್ಲುವುದು, ವಾರಗಟ್ಟಲೆ ತೊಳೆಯದಿರುವುದಲ್ಲ.

ಬ್ಯಾಕ್‌ಫ್ಲಶ್ ಎಲ್ಲವನ್ನೂ ತೊಳೆಯುತ್ತದೆ ಎಂಬ ನಂಬಿಕೆಯೇ ಅರ್ಧ ಕೆಫೆಗಳ ಕಮಟಿಗೆ ಕಾರಣ. ಶವರ್ ಸ್ಕ್ರೀನ್‌ನ ಹಿಂಬದಿ, ಅದರ ಮೇಲಿನ ಹಿತ್ತಾಳೆ ಬಿಲ್ಲೆ, ಪೋರ್ಟಾಫಿಲ್ಟರ್‌ನಲ್ಲಿ ಕಾಫಿ ಇಳಿಯುವ ಕೊಂಬಿನ ಒಳಭಾಗ, ಇವಕ್ಕೆ ಅದರ ಪ್ರಭಾವ ಪೂರ್ತಿ ತಟ್ಟುವುದಿಲ್ಲ. ಪೋರ್ಟಾಫಿಲ್ಟರ್‌ಗಂತೂ ತಟ್ಟುವುದೇ ಇಲ್ಲ, ಏಕೆಂದರೆ ಕುರುಡು ಬ್ಯಾಸ್ಕೆಟ್‌ನ ಕೆಳಗೆ ಹನಿ ನೀರೂ ಇಳಿಯುವುದಿಲ್ಲ. ನಡುವಿನ ಸ್ಕ್ರೂ ಬಿಚ್ಚಿ ಸ್ಕ್ರೀನ್ ತೆಗೆಯಿರಿ. ಲೀಟರ್ ಬಿಸಿನೀರಿಗೆ 10 ಗ್ರಾಂ ಪುಡಿ ಬೆರೆಸಿ ಸ್ಕ್ರೀನ್, ಬ್ಯಾಸ್ಕೆಟ್, ಪೋರ್ಟಾಫಿಲ್ಟರ್‌ನ ಲೋಹದ ಭಾಗ ಅದರಲ್ಲಿ 20ರಿಂದ 30 ನಿಮಿಷ ಮುಳುಗಿರಲಿ. ಮರದ ಅಥವಾ ಪ್ಲಾಸ್ಟಿಕ್ ಹಿಡಿ ನೀರಿನ ಹೊರಗಿರಬೇಕು. ರಾತ್ರಿಯಿಡೀ ನೆನೆಸುವ ಅಭ್ಯಾಸ ಹಲವೆಡೆ ಇದೆ. ಅದರಿಂದ ಹೆಚ್ಚು ಶುಚಿಯೇನೂ ಆಗದು, ಕ್ರೋಮ್ ಲೇಪನ ಎದ್ದು ಹಿತ್ತಾಳೆ ಕಾಣತೊಡಗುತ್ತದೆ ಅಷ್ಟೇ. ಅಲ್ಯೂಮಿನಿಯಂ ಭಾಗಗಳನ್ನು ಈ ನೀರಿಗೆ ಹಾಕಲೇಬಾರದು. ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಭಾಗ ಕಪ್ಪಗಾಗಿ ಒರೆಸಿದಷ್ಟೂ ಬಟ್ಟೆಗೆ ಬೂದು ಹತ್ತುತ್ತದೆ. ಮನೆಯ ಮೆಷಿನ್ ಆದರೆ ಸ್ಕ್ರೀನ್‌ನ ಮೇಲಿನ ಬಿಲ್ಲೆ ಯಾವ ಲೋಹದ್ದೆಂದು ಮೊದಲೇ ತಿಳಿದುಕೊಳ್ಳಿ.

60 ಶಾಟ್ ಮತ್ತು 3 ಶಾಟ್

ಈಗ ಲೆಕ್ಕಕ್ಕೆ ಬರೋಣ. ದಿನಕ್ಕೆ 120 ಶಾಟ್ ತೆಗೆಯುವ, ಎರಡು ಗ್ರೂಪ್‌ನ ಮೆಷಿನ್ ಇರುವ ಸಾಧಾರಣ ಕೆಫೆ ಅಂದುಕೊಳ್ಳಿ. ಒಂದು ಗ್ರೂಪ್‌ಗೆ 60. ಮನೆಯಲ್ಲಿ ದಿನಕ್ಕೆ 3. ಮನೆಯ ಗ್ರೂಪ್ ತಿಂಗಳಿಡೀ ಕಾಣುವ 90 ಶಾಟ್‌ಗಳನ್ನು ಕೆಫೆಯ ಗ್ರೂಪ್ ಒಂದೂವರೆ ದಿನದಲ್ಲಿ ಮುಗಿಸುತ್ತದೆ. ಕೆಫೆಯಲ್ಲಿ ಪ್ರತಿ ರಾತ್ರಿ ಡಿಟರ್ಜೆಂಟ್ ಎನ್ನುವುದು ಕಟ್ಟುನಿಟ್ಟಿನ ಮಾತಲ್ಲ, 60 ಶಾಟ್‌ಗೊಮ್ಮೆ ಎನ್ನುವ ಸರಳ ಲೆಕ್ಕ. ಅದೇ ಅಳತೆಯಲ್ಲಿ ಮನೆಗೆ ಮೂರು ವಾರದಿಂದ ಒಂದು ತಿಂಗಳಿಗೊಮ್ಮೆ ಸಾಕಾಗುತ್ತದೆ. ಎಣ್ಣೆ ಮಿಂಚುವ ಕಡು ಹುರಿತ ಬಳಸುವವರು ಎರಡು ವಾರಕ್ಕಿಳಿಸಬಹುದು. ಡಿಟರ್ಜೆಂಟ್ ಇಲ್ಲದ ಬರೀ ನೀರಿನ ಬ್ಯಾಕ್‌ಫ್ಲಶ್‌ಗೆ ಇಂಥ ಮಿತಿಯಿಲ್ಲ. ಮನೆಯಲ್ಲಿ ವಾರಕ್ಕೆರಡು ಸಲ, ಕೆಫೆಯಲ್ಲಿ ಮಧ್ಯಾಹ್ನ ಜನ ಕಡಿಮೆಯಾದಾಗೊಮ್ಮೆ ಮಾಡಿದರೆ ಪುಡಿ ಒಣಗಿ ಅಂಟುವ ಮೊದಲೇ ಹೊರಬೀಳುತ್ತದೆ. ಸ್ಕ್ರೀನ್ ಬಿಚ್ಚುವುದು ಕೆಫೆಯಲ್ಲಿ ವಾರಕ್ಕೊಮ್ಮೆಯಾದರೂ ಆಗಬೇಕು, ಮನೆಯಲ್ಲಿ ತಿಂಗಳ ಡಿಟರ್ಜೆಂಟ್ ದಿನವೇ ಅದನ್ನೂ ಮುಗಿಸಿದರಾಯಿತು.

ಮನೆಯವರಲ್ಲಿ ಇ61 ಗ್ರೂಪ್ ಇರುವವರದ್ದು ಬೇರೆ ಕತೆ. ಇಟಲಿಯ ಫಾಯೆಮಾ ಕಂಪನಿ 1961ರಲ್ಲಿ ತಂದ ಈ ಗ್ರೂಪ್‌ನಲ್ಲಿ ವಿದ್ಯುತ್ ವಾಲ್ವ್ ಇಲ್ಲ. ಬದಿಯ ಲಿವರ್ ಎತ್ತಿದಾಗ ಒಳಗಿನ ಕ್ಯಾಮ್ ತಿರುಗಿ ಪಿನ್‌ಗಳನ್ನು ತಳ್ಳಿ ದಾರಿ ತೆರೆಯುತ್ತದೆ, ಇಳಿಸಿದಾಗ ಕೆಳಗಿನ ಕೊಳವೆಯಿಂದ ಒತ್ತಡ ಹೊರಬೀಳುತ್ತದೆ. ಈ ಕ್ಯಾಮ್ ಸಿಲಿಕೋನ್ ಗ್ರೀಸ್‌ನ ಮೇಲೆ ಓಡಾಡುತ್ತದೆ. ಡಿಟರ್ಜೆಂಟ್‌ಗೆ ಕಾಫಿ ಎಣ್ಣೆ ಯಾವುದು, ಗ್ರೀಸ್ ಯಾವುದು ಎಂಬ ಭೇದವಿಲ್ಲ. ವಾರವಾರ ಪುಡಿ ಹಾಕಿದವರ ಮೆಷಿನ್‌ನಲ್ಲಿ ಕೆಲವೇ ತಿಂಗಳಲ್ಲಿ ಲಿವರ್ ಕಿರುಗುಟ್ಟತೊಡಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಹಾಗೆಯೇ ಎಳೆದಾಡಿದರೆ ಕ್ಯಾಮ್‌ನ ಲೋಹ ಸವೆಯುತ್ತದೆ. ಇಲ್ಲಿ ನೀರಿನ ಬ್ಯಾಕ್‌ಫ್ಲಶ್ ವಾರವಾರ, ಡಿಟರ್ಜೆಂಟ್ ಎರಡು ತಿಂಗಳಿಗೊಮ್ಮೆ ಸಾಕು. ಸ್ಕ್ರೀನ್ ಮತ್ತು ಗ್ಯಾಸ್ಕೆಟ್ ಒಟ್ಟಿಗೆ ಬಿಗಿಯಾಗಿ ಕೂತಿರುತ್ತವೆ, ಸ್ಕ್ರೂ ಇರುವುದಿಲ್ಲ. ಚಮಚದ ಹಿಡಿಯಿಂದ ಅಂಚನ್ನು ಮೀಟಿ ತೆಗೆದು ಹೊರಗೇ ನೆನೆಸಿ ತೊಳೆದರೆ ಕೊಳೆಯ ಹೆಚ್ಚಿನ ಪಾಲು ಹೋಗುತ್ತದೆ, ಗ್ರೀಸ್‌ಗೆ ತೊಂದರೆಯಿಲ್ಲ. ಕಿರುಗುಟ್ಟಿದ ದಿನ ಲಿವರ್‌ನ ಬದಿಯ ನಟ್ ಬಿಚ್ಚಿ, ಕ್ಯಾಮ್ ಒರೆಸಿ, ಆಹಾರಕ್ಕೆ ತಗುಲಬಹುದಾದ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಬೇಕು. ಅಡುಗೆ ಎಣ್ಣೆಯಂತೂ ಬೇಡ, ತೊಳೆಯಲು ಹೊರಟ ಕಮಟನ್ನೇ ಮತ್ತೆ ಒಳಗೆ ಇಟ್ಟಂತಾಗುತ್ತದೆ.

ಗ್ರೈಂಡರ್‌ನಲ್ಲಿ ನಿನ್ನೆಯ ಪುಡಿ

ಗ್ರೈಂಡರ್‌ಗೆ ಇದೇ ಶಾಟ್ ಲೆಕ್ಕ ಹಾಕಿದರೆ ಎಡವುತ್ತೇವೆ. ಬರ್‌ಗಳ ಸುತ್ತ, ನಳಿಗೆಯ ತಿರುವಿನಲ್ಲಿ ಪ್ರತಿ ಬಾರಿಯೂ ಸ್ವಲ್ಪ ಪುಡಿ ಉಳಿದುಹೋಗುತ್ತದೆ. ಸಾಮಾನ್ಯ ಮನೆಯ ಗ್ರೈಂಡರ್‌ನಲ್ಲಿ 2 ಗ್ರಾಂ ಎನ್ನೋಣ. ಬೆಳಿಗ್ಗೆ 18 ಗ್ರಾಂ ಬೀಸಿದಾಗ ಅದರಲ್ಲಿ 2 ಗ್ರಾಂ ನಿನ್ನೆಯದ್ದು, ಅಂದರೆ ಒಂಬತ್ತನೆಯ ಒಂದು ಪಾಲು. ಪುಡಿಯಾದ ಕಾಫಿ ಗಂಟೆಗಳಲ್ಲೇ ಘಮ ಕಳೆದುಕೊಳ್ಳುತ್ತದೆ, ಎಣ್ಣೆ ಗಾಳಿಗೆ ಮೈ ತೆರೆದುಕೊಂಡಿರುತ್ತದೆ. ಕೆಫೆಯಲ್ಲಿ ಈ ಉಳಿಕೆ ನಿಮಿಷಕ್ಕೊಮ್ಮೆ ಹೊಸದಾಗುತ್ತದೆ, ಬೆಳಗಿನ ಮೊದಲ ಶಾಟ್ ಒಂದೇ ಹಳೆಯದು. ಮನೆಯಲ್ಲಿ ಪ್ರತಿ ಶಾಟ್ ಕೂಡ ಒಂದರ್ಥದಲ್ಲಿ ಮೊದಲ ಶಾಟೇ. ಬೀಸುವ ಮುನ್ನ ನಾಲ್ಕೈದು ಬೀಜ ಹಾಕಿ ಬೀಸಿ ಚೆಲ್ಲುವುದು, ಬೀಸಿದ ಮೇಲೆ ನಳಿಗೆಯನ್ನು ಬ್ರಷ್‌ನಿಂದ ಗುಡಿಸುವುದು, ಇವೆರಡೂ ಮನೆಯಲ್ಲಿ ದಿನದ ಕೆಲಸ. ಕೆಫೆಯಲ್ಲಿ ಬಾಗಿಲು ತೆರೆದಾಗೊಮ್ಮೆ 5ರಿಂದ 10 ಗ್ರಾಂ ಬೀಸಿ ಚೆಲ್ಲಿದರೆ ಮುಗಿಯಿತು.

ಕೆಫೆಯ ಗ್ರೈಂಡರ್‌ನ ತೊಂದರೆ ಪದರದ್ದು. 120 ಶಾಟ್, ತಲಾ 18 ಗ್ರಾಂ ಎಂದರೆ ದಿನಕ್ಕೆ 2.16 ಕಿಲೋ, ವಾರಕ್ಕೆ 15 ಕಿಲೋ ಬೀಜ ಒಂದೇ ಜೋಡಿ ಬರ್ ಮೇಲೆ ಹಾಯುತ್ತದೆ. ಹಾಪರ್ ಮಂಕಾಗುವುದರಿಂದ ಸೂಚನೆ ಮೊದಲು ಸಿಗುತ್ತದೆ. ಪಾರದರ್ಶಕ ಗೋಡೆಗೆ ಕಂದು ಜಿಡ್ಡು ಕೂತು ಬೆರಳಿಟ್ಟರೆ ಅಚ್ಚು ಮೂಡಿದರೆ, ಒಳಗೆ ಏನಾಗಿದೆಯೆಂದು ಊಹಿಸಬಹುದು. ಪ್ರತಿ ರಾತ್ರಿ ಬೀಜ ತೆಗೆದು ಮುಚ್ಚಿದ ಡಬ್ಬಿಗೆ ಹಾಕಿ, ಹಾಪರ್ ಅನ್ನು ಪಾತ್ರೆ ತೊಳೆಯುವ ಸೌಮ್ಯ ದ್ರವದಿಂದ ತೊಳೆದು ಒಣಗಿಸಬೇಕು. ಗ್ರೂಪ್‌ಗೆ ಹಾಕುವ ಪುಡಿ ಹಾಪರ್‌ಗೆ ಬೇಡ, ಸ್ಪಿರಿಟ್ಟೂ ಬೇಡ. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಎರಡರಿಂದಲೂ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ. ಕುತ್ತಿಗೆಯಲ್ಲಿ ಉಳಿದ ಒಂದೆರಡು ಹನಿ ಬರ್ ಮೇಲೆ ಬಿದ್ದರೆ ಪುಡಿ ಅಲ್ಲೇ ಮುದ್ದೆ ಕಟ್ಟುತ್ತದೆ.

ಬರ್ ಬಿಚ್ಚದೆ ಜಿಡ್ಡು ತೆಗೆಯಲು ಗ್ರೈಂಡ್ಜ್‌ನಂಥ ಗುಳಿಗೆಗಳಿವೆ. ಧಾನ್ಯ ಮತ್ತು ಪಿಷ್ಟದಿಂದ ಮಾಡಿದ ಬೀಜದ ಗಾತ್ರದ ಈ ಗುಳಿಗೆಗಳನ್ನು 35ರಿಂದ 40 ಗ್ರಾಂ ಖಾಲಿ ಗ್ರೈಂಡರ್‌ಗೆ ಹಾಕಿ ಮಧ್ಯಮ ಒರಟಿನಲ್ಲಿ ಬೀಸಬೇಕು. ಅವು ಪುಡಿಯಾಗುತ್ತಾ ಬರ್‌ನ ಹಲ್ಲಿನ ಜಿಡ್ಡನ್ನು ಹೀರಿಕೊಂಡು ಹೊರಬರುತ್ತವೆ. ಆಮೇಲೆ ಅಷ್ಟೇ ತೂಕದ ಹಳೆಯ ಬೀಜವನ್ನು ಒಂದೆರಡು ಸಲ ಬೀಸಿ ಚೆಲ್ಲಬೇಕು, ಇಲ್ಲದಿದ್ದರೆ ಮುಂದಿನ ಶಾಟ್‌ನಲ್ಲಿ ಹಿಟ್ಟಿನ ರುಚಿ. ಕೆಫೆಗೆ ವಾರಕ್ಕೊಮ್ಮೆ, ಮನೆಗೆ ತಿಂಗಳಿಗೊಮ್ಮೆ ಇದು ಸರಿಹೊಂದುತ್ತದೆ. ಗುಳಿಗೆ ದುಬಾರಿ ಎಂದು ಅಕ್ಕಿ ಹಾಕುವವರಿದ್ದಾರೆ. ಹಸಿ ಅಕ್ಕಿ ಹುರಿದ ಕಾಫಿ ಬೀಜಕ್ಕಿಂತ ಬಹಳ ಗಟ್ಟಿ, ಬೀಜದಂತೆ ಸಿಡಿದು ಒಡೆಯುವುದಿಲ್ಲ. ಮಿಕ್ಸಿಯಲ್ಲಿ ಅಕ್ಕಿ ಪುಡಿ ಮಾಡಿದಷ್ಟು ಸಲೀಸಾಗಿ ಇಲ್ಲಿ ನಡೆಯುವುದಿಲ್ಲ. ಎಸ್ಪ್ರೆಸೊ ಸೆಟ್ಟಿಂಗ್‌ನಲ್ಲಿ ಹಾಕಿದರೆ ಪುಟ್ಟ ಮೋಟಾರ್ ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ಅಕ್ಕಿಯಿಂದಾದ ಕೆಡುಕಿಗೆ ವಾರಂಟಿ ಇಲ್ಲವೆಂದು ಹೇಳುವ ತಯಾರಕರೂ ಇದ್ದಾರೆ.

ಚಿಕೋರಿಯ ಮಾತು ನಮ್ಮ ಕಡೆಯವರಿಗೆ ಮಾತ್ರ ಬೇಕಾದದ್ದು. ಫಿಲ್ಟರ್ ಕಾಫಿಗೆಂದು ಹುರಿದ ಚಿಕೋರಿ ತುಂಡುಗಳನ್ನು ಬೀಜದ ಜೊತೆ ಎಸ್ಪ್ರೆಸೊ ಗ್ರೈಂಡರ್‌ಗೆ ಹಾಕಬೇಡಿ. ಅದರ ಸಕ್ಕರೆಯಂಶ ಗಾಳಿಯ ತೇವ ಹೀರಿ ಅಂಟಾಗುತ್ತದೆ, ಮಳೆಗಾಲದಲ್ಲಿ ನಳಿಗೆಯೊಳಗೆ ಗಾರೆಯಂತೆ ಕೂರುತ್ತದೆ. ಗುಳಿಗೆ ಅದಕ್ಕೆ ಸಾಲದು, ಬಿಚ್ಚಿಯೇ ಕೆರೆಯಬೇಕು.

ಬಿಚ್ಚುವುದು, ಮತ್ತೆ ಕೂರಿಸುವುದು

ಗುಳಿಗೆ ಹಲ್ಲನ್ನು ತೊಳೆಯುತ್ತದೆ, ಆದರೆ ಬರ್‌ನ ಹೊರ ಅಂಚಿಗೂ ಗೋಡೆಗೂ ನಡುವೆ ಒತ್ತಿ ಕೂತ ಪುಡಿ ಅದಕ್ಕೆ ಸಿಗುವುದಿಲ್ಲ. ಕೆಫೆಯಲ್ಲಿ ತಿಂಗಳಿಗೊಮ್ಮೆ, ಮನೆಯಲ್ಲಿ ಕಡು ಹುರಿತವಾದರೆ ಎರಡು ತಿಂಗಳಿಗೊಮ್ಮೆ, ತಿಳಿ ಹುರಿತವಾದರೆ ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿದರೆ ಸಾಕು. ಚಪ್ಪಟೆ ಬರ್‌ನ, ಕಾಲರ್ ತಿರುಗಿಸಿ ಸೆಟ್ ಮಾಡುವ ಗ್ರೈಂಡರ್ ಎಂದುಕೊಂಡು ಹೇಳುತ್ತೇನೆ.

ಹಾಪರ್‌ನ ಬಾಗಿಲು ಮುಚ್ಚಿ, ಒಳಗಿರುವುದನ್ನು ಬೀಸಿ ಮುಗಿಸಿ. ಪ್ಲಗ್ ಕಿತ್ತು ಕಣ್ಣೆದುರಿಗೆ ಇಡಿ. ಈಗಿನ ಸೆಟ್ಟಿಂಗ್ ಎಲ್ಲಿದೆಯೆಂದು ಕಾಲರ್‌ಗೂ ಮೈಗೂ ಅಡ್ಡಲಾಗಿ ಟೇಪ್ ಅಂಟಿಸಿ ಗೆರೆ ಎಳೆಯಿರಿ. ಒರಟಿನ ಕಡೆಗೆ ತಿರುಗಿಸುತ್ತಾ ಹೋದರೆ ಕಾಲರ್ ಕಳಚುತ್ತದೆ, ಎಷ್ಟು ಸುತ್ತು ಎಂದು ಎಣಿಸಿಕೊಳ್ಳಿ. ಕೆಲವು ಗ್ರೈಂಡರ್‌ಗಳಲ್ಲಿ ಮೇಲಿನ ಬರ್‌ನ ಅಡಿ ಮೂರು ಪುಟ್ಟ ಸ್ಪ್ರಿಂಗ್ ಇರುತ್ತವೆ, ಒಂದು ಕಳೆದರೂ ಬರ್ ವಾರೆಯಾಗಿ ಕೂರುತ್ತದೆ. ಮೊದಲು ವ್ಯಾಕ್ಯೂಮ್, ಆಮೇಲೆ ಗಟ್ಟಿ ಕೂದಲಿನ ಬ್ರಷ್, ಹಲ್ಲಿನ ಸಂದಿಗೆ ಹಲ್ಲುಕಡ್ಡಿ. ಕಂದು ಪದರ ಬಿಡದಿದ್ದರೆ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತಗುಲಿಸಿ ಲೋಹದ ಬರ್ ಮಾತ್ರ ಒರೆಸಿ, ಪೂರ್ತಿ ಆರಲು ಬಿಡಿ. ನೀರು ಮುಟ್ಟಿಸಬಾರದು. ಉಕ್ಕಿನ ಬರ್ ತೊಳೆದಿಟ್ಟರೆ ಮಂಗಳೂರಿನ ಜುಲೈನಲ್ಲಿ ಬೆಳಗಾಗುವಷ್ಟರಲ್ಲಿ ತುಕ್ಕು ಕಾಣುತ್ತದೆ.

ತೊಳೆಯುವುದಕ್ಕಿಂತ ಕೂರಿಸುವುದರಲ್ಲೇ ತಪ್ಪುಗಳಾಗುವುದು ಹೆಚ್ಚು. ಬರ್ ಕೂರುವ ಸಮತಟ್ಟಿನಲ್ಲಿ ಒಂದು ಕಣ ಪುಡಿ ಉಳಿದರೂ ಒಂದು ಬದಿ ಎತ್ತರವಾಗಿ, ಗ್ರೈಂಡ್ ಅರ್ಧ ನುಣುಪು ಅರ್ಧ ಒರಟಾಗುತ್ತದೆ. ಕಾಲರ್‌ನ ಸುರುಳಿ ಬಲು ಸಣ್ಣದು, ಅದರಲ್ಲಿ ಪುಡಿ ಇದ್ದರೆ ಅಥವಾ ವಾರೆಯಾಗಿ ಹತ್ತಿದರೆ ಹಿತ್ತಾಳೆ ಸುರುಳಿಯೇ ಹಾಳು. ಕಾಲರ್ ಇಟ್ಟು ಮೊದಲು ಬಿಚ್ಚುವ ದಿಕ್ಕಿಗೇ ನಿಧಾನ ತಿರುಗಿಸಿ. ಸುರುಳಿಯ ತುದಿಗಳು ಸೇರುವಲ್ಲಿ ಟಕ್ ಎಂದು ಇಳಿಯುತ್ತದೆ, ಅಲ್ಲಿಂದ ಬಿಗಿಯುವ ದಿಕ್ಕಿಗೆ ಬೆರಳ ಬಲದಲ್ಲೇ ಹೋಗಬೇಕು. ಬಿಗಿಯೆನಿಸಿದರೆ ಬಲ ಹಾಕದೆ ತೆಗೆದು ಮತ್ತೆ ಶುರು. ಎಣಿಸಿದಷ್ಟು ಸುತ್ತು ಬಂದು ಟೇಪಿನ ಗೆರೆ ಕೂಡಿದ ಮಾತ್ರಕ್ಕೆ ಹಿಂದಿನ ಗ್ರೈಂಡೇ ಬರುತ್ತದೆಂದು ನಂಬಬೇಡಿ. ಒತ್ತಿ ಕೂತಿದ್ದ ಪುಡಿ ಹೋಗಿದೆ, ಬರ್ ಕೂದಲೆಳೆಯಷ್ಟು ಬೇರೆ ಕೂತಿದೆ. 28 ಸೆಕೆಂಡ್‌ಗೆ ಬರುತ್ತಿದ್ದ 36 ಗ್ರಾಂ ಶಾಟ್ 24ಕ್ಕೇ ಬಂದರೆ ಗಾಬರಿ ಬೇಡ. 20ರಿಂದ 30 ಗ್ರಾಂ ಬೀಸಿ ಚೆಲ್ಲಿ, ಆಮೇಲೆ ಹೊಸದಾಗಿ ಸೆಟ್ ಮಾಡಿಕೊಳ್ಳುವುದು. ಕೆಫೆಯಲ್ಲಿ ಈ ಕೆಲಸ ಶನಿವಾರ ಬೆಳಿಗ್ಗೆ ಇಟ್ಟುಕೊಳ್ಳುವವರಿಗೆ ನಮಸ್ಕಾರ.

ಕಮಟು ಯಾವುದರದ್ದು?

ಎರಡನ್ನೂ ತೊಳೆಯುವ ಮುನ್ನ ತಪ್ಪಿತಸ್ಥ ಯಾರೆಂದು ತಿಳಿಯುವ ಉಪಾಯ ಸುಲಭ. ಮೊದಲು ಪುಡಿಯಿಲ್ಲದ ಬ್ಯಾಸ್ಕೆಟ್ ಹಾಕಿ, ಬಿಳಿ ಕಪ್‌ಗೆ ಗ್ರೂಪ್‌ನ ಬಿಸಿನೀರು 60 ಮಿಲಿಲೀಟರ್ ಹಿಡಿದು ಮೂಸಿ, ಆರಿದ ಮೇಲೆ ರುಚಿ ನೋಡಿ. ನೀರೇ ಹಳದಿಯಾಗಿ ಸುಟ್ಟ ವಾಸನೆ ಬಂದರೆ ಗ್ರೂಪ್ ಅಥವಾ ಪೋರ್ಟಾಫಿಲ್ಟರ್. ಪೋರ್ಟಾಫಿಲ್ಟರ್ ತೆಗೆದು ನೇರ ಗ್ರೂಪ್‌ನಿಂದ ಇನ್ನೊಂದು ಕಪ್ ಹಿಡಿದರೆ ಅವೆರಡರಲ್ಲಿ ಯಾವುದೆಂದೂ ಗೊತ್ತಾಗುತ್ತದೆ. ಗ್ರೈಂಡರ್‌ಗೆ: ರಾತ್ರಿ ಸುಮ್ಮನಿದ್ದ ಗ್ರೈಂಡರ್‌ನಿಂದ ಬೆಳಿಗ್ಗೆ ಬೀಳುವ ಮೊದಲ 3 ಗ್ರಾಂ ಒಂದು ಬಟ್ಟಲಿಗೆ, ಅದೇ ಬೀಜ ನಾಲ್ಕನ್ನು ಕುಟ್ಟಾಣಿಯಲ್ಲಿ ಕುಟ್ಟಿ ಇನ್ನೊಂದು ಬಟ್ಟಲಿಗೆ. ಪಕ್ಕಪಕ್ಕ ಇಟ್ಟು ಮೂಸಿದರೆ ತರಬೇತಿ ಇಲ್ಲದ ಮೂಗಿಗೂ ವ್ಯತ್ಯಾಸ ಸಿಗುತ್ತದೆ. ಎರಡೂ ಕಮಟಾಗಿದ್ದರೆ ಆಗ ಬೀಜವನ್ನು ಬೈಯಬಹುದು.

ನಮ್ಮ 120 ಶಾಟ್‌ನ ಕೆಫೆಗೇ ಇದನ್ನು ಹಚ್ಚಿ ನೋಡಿ. ಪ್ರತಿ ರಾತ್ರಿ ಡಿಟರ್ಜೆಂಟ್ ಬ್ಯಾಕ್‌ಫ್ಲಶ್ ಆಗುತ್ತಿದೆ, ಆದರೂ ಕಮಟು. ಗ್ರೂಪ್‌ನ ನೇರ ನೀರು ತಿಳಿಯಾಗಿದೆ, ಪೋರ್ಟಾಫಿಲ್ಟರ್ ಮೂಲಕ ಹಿಡಿದದ್ದು ಹಳದಿ. ಬ್ಯಾಸ್ಕೆಟ್ ಮೀಟಿ ತೆಗೆದರೆ ಅಡಿಯಲ್ಲಿ ಕಪ್ಪು ಅರಗು, ಕೊಂಬಿನ ಒಳಗೆ ಇನ್ನೂ ದಪ್ಪ. ಬ್ಯಾಕ್‌ಫ್ಲಶ್ ಅದನ್ನು ಮುಟ್ಟಿಯೇ ಇರಲಿಲ್ಲ. ರಾತ್ರಿಯ ಕ್ರಮಕ್ಕೆ ಪೋರ್ಟಾಫಿಲ್ಟರ್‌ಗಳನ್ನು 20 ನಿಮಿಷ ನೆನೆಸುವುದೊಂದು ಸೇರಿದರೆ ಕೆಲಸ ಮುಗಿಯಿತು, ಹೆಚ್ಚು ಪುಡಿ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ.

ಬ್ಯಾಕ್‌ಫ್ಲಶ್ ಮಾಡುವಾಗ ಕಾಣುವ ಕೆಲವು ಚಿಹ್ನೆಗಳು ಕೊಳೆಯದ್ದಲ್ಲ, ಭಾಗಗಳದ್ದು. ಕುರುಡು ಬ್ಯಾಸ್ಕೆಟ್ ಹಾಕಿದಾಗ ಪೋರ್ಟಾಫಿಲ್ಟರ್ ಸುತ್ತ ನೀರು ಜಿನುಗಿದರೆ ಗ್ಯಾಸ್ಕೆಟ್ ಬಿಸಿಗೆ ಗಟ್ಟಿಯಾಗಿದೆ, ಬದಲಿಸಿ. ಪಂಪ್ ಓಡುತ್ತಿರುವಾಗಲೇ ಹೊರಕೊಳವೆಯಿಂದ ನೀರು ಸೋರಿ ಒತ್ತಡ ಏರದಿದ್ದರೆ ವಾಲ್ವ್‌ನ ಪೀಠದ ಮೇಲೆ ಏನೋ ಕಣ ಕೂತಿದೆ, ನಾಲ್ಕೈದು ಸಲ ಬ್ಯಾಕ್‌ಫ್ಲಶ್ ಮಾಡಿದರೆ ಕೆಲವೊಮ್ಮೆ ಹೋಗುತ್ತದೆ. ನಿಲ್ಲಿಸಿದಾಗ ‘ಪುಸ್’ ಕೇಳಿಸದಿದ್ದರೆ ಹೊರದಾರಿ ಕಟ್ಟಿದೆ. ಆಗ ಪೋರ್ಟಾಫಿಲ್ಟರ್ ಬಿಚ್ಚಲು ಹೋಗದೆ, ಮೆಷಿನ್ ಆರಿಸಿ ತಣಿಯಲು ಬಿಟ್ಟು ಆಮೇಲೆ ನಿಧಾನವಾಗಿ ತಿರುಗಿಸಿ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಹೀಗೆ ಕಟ್ಟುವುದು ಎಣ್ಣೆಯಿಂದಲ್ಲದೆ ಸುಣ್ಣದಿಂದಲೂ ಆಗಿರಬಹುದು. ಸುಣ್ಣಕ್ಕೆ ಕ್ಷಾರದ ಪುಡಿ ಏನೂ ಮಾಡದು, ಅದಕ್ಕೆ ಆಮ್ಲ ಬೇಕು, ಮತ್ತು ಅವೆರಡನ್ನು ಬೆರೆಸಿದರೆ ಒಂದನ್ನೊಂದು ತಿಂದು ಎರಡೂ ವ್ಯರ್ಥ. ಎರಡು ಸುತ್ತು ಡಿಟರ್ಜೆಂಟ್ ಆದ ಮೇಲೂ ‘ಪುಸ್’ ಬಾರದಿದ್ದರೆ ವಾಲ್ವ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ: ಕಪ್ಪಾಗಿ ಮೆತ್ತಗಿದ್ದರೆ ಕಾಫಿ, ಬೆಳ್ಳಗೆ ಗರಸಾಗಿದ್ದರೆ ಸುಣ್ಣ. ಸುಣ್ಣವಾದರೆ ಬಿಚ್ಚಿದ ಹಿತ್ತಾಳೆ ಭಾಗವನ್ನು ಸಿಟ್ರಿಕ್ ಆಮ್ಲದ ಬೆಚ್ಚಗಿನ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ನೆನೆಸಿ, ಚೆನ್ನಾಗಿ ತೊಳೆದು, ರಬ್ಬರ್ ವಾಷರ್ ಹೊಸದು ಹಾಕಿ ಕೂರಿಸಿ.